ಪಕ್ಕದವರ ಪರಿಚಯ ನೀವು ಹೇಳಿ

ವರ್ಕ್‌ಶಾಪ್ ಯಾವುದೇ ಇರಲಿ, ಶುರುವಾಗೋದು ಒಂದೇ ಥರ. "ಒಬ್ಬೊಬ್ಬರಾಗಿ ಎದ್ದು ನಿಮ್ಮ ಪರಿಚಯ ಮಾಡ್ಕೊಳ್ಳಿ" ಅಂತಾರೆ. ಹೆಸರು, ಬ್ರಾಂಚ್, ಊರು, ಹವ್ಯಾಸ ಕ್ರಿಕೆಟ್. ಮೂವತ್ತು ಜನ ಇದನ್ನೇ ಹೇಳಿ ಕೂತ ಮೇಲೆ ಯಾರ ಹೆಸರೂ ನೆನಪಿರಲ್ಲ. ಇದು ನಮ್ಮ ಸೋಮಾರಿತನ ಮಾತ್ರ ಅಲ್ಲ. 1973ರಲ್ಲಿ ಮಾಲ್ಕಮ್ ಬ್ರೆನರ್ ಅನ್ನೋ ಮನಶ್ಶಾಸ್ತ್ರಜ್ಞ, ಸುತ್ತ ಕೂತವರು ಸರದಿ ಪ್ರಕಾರ ಒಂದೊಂದು ಪದ ಓದಿ ಹೇಳೋ ಪ್ರಯೋಗ ಮಾಡಿದ. ತಮ್ಮ ಸರದಿಗೆ ಸ್ವಲ್ಪ ಮುಂಚೆ ಬೇರೆಯವರು ಓದಿದ್ದು ಜನರಿಗೆ ತೀರಾ ಕಡಿಮೆ ನೆನಪಿತ್ತು. ನಮ್ಮ ಸರದಿ ಹತ್ತಿರ ಬಂದಾಗ ನಾವು ಕೇಳಿಸ್ಕೊಳ್ಳಲ್ಲ, ನಮ್ಮ ಡೈಲಾಗ್ ರೆಡಿ ಮಾಡ್ತಿರ್ತೀವಿ.

ಇದಕ್ಕೆ ಪರ್ಯಾಯವಾಗಿ ಎಲ್ಲ ಕಡೆ ನಡೆಯೋ ಒಂದು ಆಟ ಇದೆ. ಇಬ್ಬಿಬ್ಬರು ಜೋಡಿಯಾಗಿ ಮಾತಾಡ್ತಾರೆ. ಆಮೇಲೆ ಪ್ರತಿಯೊಬ್ಬರೂ ತಮ್ಮ ಬದಲು ತಮ್ಮ ಜೋಡಿಯ ಪರಿಚಯ ಹೇಳ್ತಾರೆ. ಕನಿಷ್ಠ ಒಬ್ಬರ ಮಾತನ್ನಾದರೂ ನಿಜವಾಗಿ ಕೇಳಿಸ್ಕೊಳ್ಳಲೇಬೇಕಾಗುತ್ತೆ, ಅದೇ ಇದರ ಲಾಭ. ಅಪಾಯವೂ ಅಲ್ಲೇ ಇದೆ. ನಿಮ್ಮ ಮಾತು ಈಗ ಇನ್ನೊಬ್ಬರ ಬಾಯಲ್ಲಿ ಇರುತ್ತೆ.

ಒಂದು ವರ್ಕ್‌ಶಾಪ್‌ನಲ್ಲಿ ಇದನ್ನ ಕಣ್ಣಾರೆ ನೋಡಿದೆ. ನಡೆಸ್ತಿದ್ದವರು "ಪಕ್ಕದವರ ಜೊತೆ ಐದು ನಿಮಿಷ ಮಾತಾಡಿ" ಅಂದರು, ಅಷ್ಟೇ. ಐದು ನಿಮಿಷ ಆದ ಮೇಲೆ "ಈಗ ಅವರ ಪರಿಚಯ ನೀವು ಮಾಡಿಕೊಡಿ" ಅಂದರು. ಒಬ್ಬ ಹುಡುಗ ತನ್ನ ಜೋಡಿ ಬಗ್ಗೆ ಉತ್ಸಾಹದಿಂದ, "ಇವನು ಒಂದು ವರ್ಷ ಡ್ರಾಪ್, ಯಾಕಂದ್ರೆ ಮನೇಲಿ..." ಅಂತ ಶುರು ಮಾಡಿ ಎಲ್ಲಾ ಹೇಳಿಬಿಟ್ಟ. ಕೆಟ್ಟ ಉದ್ದೇಶ ಇರಲಿಲ್ಲ. ಜೋಡಿಯವನು ನೆಲ ನೋಡ್ತಾ ಕೂತಿದ್ದ. ಅವನು ಹೇಳ್ಕೊಂಡಿದ್ದು ಒಬ್ಬನಿಗೆ, ಕೇಳಿಸ್ಕೊಂಡಿದ್ದು ಅರವತ್ತು ಜನ. ಆ ಹುಡುಗನ ಬಾಯಿ ಸಡಿಲ ಅನ್ನೋದಕ್ಕಿಂತ, ಮಾತಾಡೋ ಮುಂಚೆ ಯಾರಿಗೂ ಸರಿಯಾಗಿ ಸೂಚನೆ ಕೊಟ್ಟಿರಲಿಲ್ಲ ಅನ್ನೋದೇ ಅಲ್ಲಿನ ತಪ್ಪು.

ಹಾಗಾಗಿ ನಮ್ಮ ಎನ್‌ಎಸ್‌ಎಸ್ ಕ್ಯಾಂಪ್‌ನಲ್ಲಿ ಮೊದಲ ಸಂಜೆಯ ಪರಿಚಯ ನಡೆಸೋ ಕೆಲಸ ನನಗೆ ಬಂದಾಗ, ಆಟಕ್ಕಿಂತ ಸೂಚನೆ ಬಗ್ಗೆನೇ ಜಾಸ್ತಿ ಯೋಚನೆ ಮಾಡಿದೆ. ಏಳು ದಿನದ ಕ್ಯಾಂಪ್, ಮಧುಗಿರಿ ತಾಲ್ಲೂಕಿನ ಐ.ಡಿ.ಹಳ್ಳಿಯಲ್ಲಿ. ಕಾಲೇಜಿಂದ ನಾವು 20 ಜನ, ಊರಿನ ಯುವಕ ಯುವತಿಯರು 12 ಜನ. ಒಟ್ಟು 32. ಶಾಲೆ ಜಗಲಿ ಮೇಲೆ ಜಮಖಾನ, ಸುತ್ತ ನೋಡೋಕೆ ಬಂದ ಊರಿನವರು, ಮಕ್ಕಳು. ಈ ಸುತ್ತ ನಿಂತವರು ಮುಖ್ಯ. ಇಲ್ಲಿ ಹೇಳೋ ಮಾತು ವರ್ಕ್‌ಶಾಪ್ ಹಾಲಲ್ಲಿ ಉಳಿಯಲ್ಲ, ರಾತ್ರಿ ಊಟದ ಹೊತ್ತಿಗೆ ಮನೆ ಸೇರುತ್ತೆ.

ಮೊದಲು ತೀರ್ಮಾನ ಆಗಬೇಕಿದ್ದು ಪ್ರಶ್ನೆಗಳು. "ಒಬ್ಬರನ್ನೊಬ್ಬರು ತಿಳ್ಕೊಳ್ಳಿ" ಅಂತ ಬಿಟ್ಟರೆ ಏನಾಗುತ್ತೆ? ಕಾಲೇಜಲ್ಲಾದ್ರೆ ಸಿಇಟಿ ರ‍್ಯಾಂಕ್ ಎಷ್ಟು, ಸಿಜಿಪಿಎ ಎಷ್ಟು ಅನ್ನೋ ಕಡೆ ಹೋಗುತ್ತೆ. ಹಳ್ಳಿಯಲ್ಲಾದ್ರೆ ಊರು ಯಾವುದು, ಮನೆ ಎಲ್ಲಿ, ಆಮೇಲೆ ಮೆಲ್ಲಗೆ "ಯಾರ ಪೈಕಿ?" ಬರುತ್ತೆ. ಮನೆ ಯಾವ ಬೀದಿ ಅಂತ ಕೇಳಿದರೂ ಸಾಕು. ಹಳ್ಳಿಗಳಲ್ಲಿ ಬೀದಿ ಹೇಳಿದ್ರೆ ಜಾತಿ ಹೇಳಿದ ಹಾಗೇನೆ. ಕೇಳೋನಿಗೆ ಅದು ಗೊತ್ತಿಲ್ಲದೇ ಇರಬಹುದು, ಸುತ್ತ ನಿಂತವರಿಗೆಲ್ಲ ಗೊತ್ತಿರುತ್ತೆ. ಅದಕ್ಕೆ ಊರು, ಮನೆ, ಅಪ್ಪ ಏನ್ ಮಾಡ್ತಾರೆ, ಎಷ್ಟು ಮಾರ್ಕ್ಸ್, ಈ ನಾಲ್ಕನ್ನೂ ತೆಗೆದು ಮೂರೇ ಪ್ರಶ್ನೆ ಇಟ್ಟೆ.

ಒಂದು: ನಿಮ್ಮನ್ನ ಇಲ್ಲಿ ಏನಂತ ಕರೀಬೇಕು? "ಹೆಸರೇನು" ಅನ್ನೋದಕ್ಕೂ ಇದಕ್ಕೂ ವ್ಯತ್ಯಾಸ ಇದೆ. ಐ.ಡಿ.ಹಳ್ಳಿಯನ್ನೇ ನೋಡಿ. ಕಾಗದದಲ್ಲಿ ಇಟಕದಿಬ್ಬನಹಳ್ಳಿ, ಬಾಯಲ್ಲಿ ಐ.ಡಿ.ಹಳ್ಳಿ. ಮನುಷ್ಯರಿಗೂ ಹಾಗೇ, ದಾಖಲೆಯಲ್ಲಿ ಒಂದು, ಕರೆಸ್ಕೊಳ್ಳೋಕೆ ಇಷ್ಟ ಇರೋದು ಇನ್ನೊಂದು.

ಎರಡು: ನಿಮ್ಮ ಕೈಗೆ ಚೆನ್ನಾಗಿ ಒಗ್ಗಿರೋ ಒಂದು ಕೆಲಸ ಯಾವುದು, ಬೇರೆಯವರಿಗೆ ಕಲಿಸೋ ಅಷ್ಟು? ಹವ್ಯಾಸ ಅಂತ ಕೇಳಿದ್ರೆ ಕ್ರಿಕೆಟ್, ಮ್ಯೂಸಿಕ್ ಬಿಟ್ಟು ಬೇರೆ ಬರಲ್ಲ. ಕೆಲಸ ಅಂತ ಕೇಳಿದ್ರೆ ಓದಿದವರು, ಓದು ಬಿಟ್ಟವರು ಒಂದೇ ಮಟ್ಟದಲ್ಲಿ ನಿಲ್ತಾರೆ.

ಮೂರು: ಈ ಏಳು ದಿನದಲ್ಲಿ ಏನಾದ್ರೆ ನಿಮಗೆ ಖುಷಿ? ಇದು ನಾಳೆಯ ಕೆಲಸಕ್ಕೆ ಕೊಂಡಿ.

ಇನ್ನೊಂದು ವಿಷಯ ಇಂಗ್ಲಿಷ್‌ನಲ್ಲಿ ಇದನ್ನ ನಡೆಸೋರಿಗೆ ಹೊಳೆಯಲ್ಲ, ಕನ್ನಡದಲ್ಲಿ ಮೊದಲ ವಾಕ್ಯಕ್ಕೇ ಎದುರಾಗುತ್ತೆ: ಇವನು ಅನ್ನಬೇಕೋ ಇವರು ಅನ್ನಬೇಕೋ? ಕಾಲೇಜ್ ಹುಡುಗ ಊರಿನ ಹುಡುಗನ್ನ "ಇವನು" ಅಂದು, ಊರಿನ ಹುಡುಗ ತಿರುಗಿ ಅವನನ್ನ "ಇವರು" ಅಂದ್ರೆ, ಏಳು ದಿನಕ್ಕೆ ಯಾರು ಮೇಲೆ ಯಾರು ಕೆಳಗೆ ಅನ್ನೋದು ಅಲ್ಲೇ ತೀರ್ಮಾನ ಆಗೋಯ್ತು. ಹಾಗಾಗಿ ಎಲ್ಲರಿಗೂ "ಇವರು", ಇದನ್ನ ಸೂಚನೆಯಲ್ಲೇ ಹೇಳಬೇಕು. ಕ್ಲಾಸ್‌ಮೇಟ್‌ನ "ಇವರು" ಅನ್ನೋಕೆ ನಗು ಬರುತ್ತೆ. ಬರಲಿ.

ಕೊನೆಗೆ ನಾನು ಜೋರಾಗಿ ಹೇಳಿದ ಸೂಚನೆ ಹೀಗಿತ್ತು:

"ಈಗ ಜೋಡಿಯಾಗಿ ಕೂತು ಮಾತಾಡ್ತೀರಿ. ಆಮೇಲೆ ನಿಮ್ಮ ಜೋಡಿಯ ಪರಿಚಯ ನೀವು ಎಲ್ಲರ ಮುಂದೆ ಹೇಳ್ತೀರಿ, ಅವರು ನಿಮ್ಮದು ಹೇಳ್ತಾರೆ. ಹಾಗಾಗಿ ಎಲ್ಲರಿಗೂ ಕೇಳಿಸಿದರೆ ಪರವಾಗಿಲ್ಲ ಅನ್ನೋದನ್ನ ಮಾತ್ರ ಹೇಳಿ. ಕೇಳಬೇಕಾದ್ದು ಈ ಮೂರು. ಮೂರು ನಿಮಿಷ ಒಬ್ಬರು ಕೇಳಿ, ನಾನು ಚಪ್ಪಾಳೆ ತಟ್ಟಿದಾಗ ಇನ್ನೊಬ್ಬರು ಕೇಳಿ. ಬರ್ಕೋಬೇಡಿ. ಎರಡನೇ ಚಪ್ಪಾಳೆಗೆ, ನೀವು ಏನು ಹೇಳ್ತೀರಿ ಅಂತ ಜೋಡಿಗೆ ಒಮ್ಮೆ ಹೇಳಿ ತೋರಿಸಿ. ಬೇಡ ಅಂದಿದ್ದನ್ನ ಬಿಡಿ, ಯಾಕೆ ಅಂತ ಕೇಳಬೇಡಿ. ಎಲ್ಲರೂ ಎಲ್ಲರಿಗೂ 'ಇವರು' ಅನ್ನಿ. ಒಬ್ಬೊಬ್ಬರಿಗೆ ಮುಕ್ಕಾಲು ನಿಮಿಷ."

ಆಮೇಲೆ ಒಂದು ಮಾದರಿ. ಹಿಂದೆಯೇ ಮಾತಾಡಿಕೊಂಡಿದ್ದ ಗೆಳತಿಯ ಪರಿಚಯವನ್ನ ನಾನು ಹೇಳಿ ತೋರಿಸಿದೆ, ನಾಲ್ಕು ವಾಕ್ಯ. ಜನ ಸೂಚನೆಗಿಂತ ಮಾದರಿಯನ್ನೇ ಕಾಪಿ ಮಾಡ್ತಾರೆ. ಮಾದರಿ ಎರಡು ನಿಮಿಷ ಎಳೆದ್ರೆ ಎಲ್ಲರೂ ಎರಡು ನಿಮಿಷ ಎಳೀತಾರೆ. ಮಾದರಿಯಲ್ಲಿ ಕಾಲೆಳೆದ್ರೆ ಎಲ್ಲರೂ ಕಾಲೆಳೀತಾರೆ.

ಸಮಯದ ಲೆಕ್ಕ ಸುಲಭ, ಆದ್ರೆ ಮುಂಚೆನೇ ಹಾಕಬೇಕು. 32 ಜನಕ್ಕೆ ಮುಕ್ಕಾಲು ನಿಮಿಷದಂತೆ 24 ನಿಮಿಷ. ಅಷ್ಟು ಹೊತ್ತು ಯಾರೂ ಗಮನ ಕೊಟ್ಟು ಕೂರಲ್ಲ. ಎಂಟೆಂಟು ಜೋಡಿಯ ಎರಡು ಗುಂಪು ಮಾಡಿ ಒಂದೇ ಸಲ ನಡೆಸಿದ್ರೆ 12 ನಿಮಿಷ. ಸೂಚನೆ ಮತ್ತು ಮಾದರಿಗೆ 4, ಮಾತಿಗೆ 6, ಹೇಳಿ ತೋರಿಸೋಕೆ 1. ಎದ್ದು ಕೂರೋದು ಸೇರಿ ಅರ್ಧ ಗಂಟೆಯೊಳಗೆ ಮುಗಿಯುತ್ತೆ. ಊರಿನ 12 ಜನಕ್ಕೂ ಕಾಲೇಜಿನ ಒಬ್ಬೊಬ್ಬರು ಜೋಡಿ, ಉಳಿದ ಎಂಟು ಜನ ಬೇರೆ ಬೇರೆ ಬ್ರಾಂಚಿನವರು ತಮ್ಮತಮ್ಮಲ್ಲಿ. ಸಂಖ್ಯೆ ಬೆಸ ಬಂದಿದ್ರೆ ಒಂದು ಕಡೆ ಮೂವರು: ಮೊದಲನೆಯವರು ಎರಡನೆಯವರನ್ನ, ಎರಡನೆಯವರು ಮೂರನೆಯವರನ್ನ, ಮೂರನೆಯವರು ಮೊದಲನೆಯವರನ್ನ ಪರಿಚಯಿಸೋದು. ನಡೆಸೋರು ಜೋಡಿಯಾಗಿ ಕೂರಬಾರದು, ಕೂತ್ರೆ ಗಡಿಯಾರ ನೋಡೋರು ಇರಲ್ಲ.

ಒಂದು ಜೋಡಿಯದ್ದು ಹೇಳ್ತೀನಿ. ಊರಿನ ಒಬ್ಬರು, ನಮ್ಮ ಎಲೆಕ್ಟ್ರಿಕಲ್ ಬ್ರಾಂಚಿನ ಹುಡುಗ. ಹುಡುಗ ಎದ್ದು ಹೇಳಿದ: "ಇವರು ಬೋರ್‌ವೆಲ್ ಮೋಟಾರ್ ಎತ್ತಿ ಇಳಿಸೋ ಕೆಲಸ ಮಾಡ್ತಾರೆ. ಮೋಟಾರ್ ಬರೀ ಗುಂಯ್ ಅಂತ ಸದ್ದು ಮಾಡಿ ತಿರುಗದೇ ಇದ್ರೆ ಒಂದು ಫೇಸ್ ಹೋಗಿದೆ ಅಂತ ಸದ್ದಲ್ಲೇ ಹೇಳ್ತಾರೆ. ಅದನ್ನ ನಾನು ಪುಸ್ತಕದಲ್ಲಿ ಓದಿದ್ದೆ, ಕೇಳಿಲ್ಲ." ಆಮೇಲೆ ಅವರು ಎದ್ದರು: "ಇವ್ರು ಕರೆಂಟ್ ಓದ್ತಾವ್ರೆ. ಸ್ಟಾರ್ಟರ್ ಬಿಚ್ಚಿ ನೋಡಿಲ್ವಂತೆ. ಈ ವಾರ ತೋರುಸ್ತೀನಿ ಅಂದಿದೀನಿ." ಎಲ್ಲರೂ ನಕ್ಕರು, ಆ ಹುಡುಗನೇ ಜಾಸ್ತಿ ನಕ್ಕ. "ಏನು ಓದಿದ್ದೀರ" ಅಂತ ಪ್ರಶ್ನೆ ಇಟ್ಟಿದ್ರೆ ಈ ಎರಡು ಮಾತೂ ಬರ್ತಿರಲಿಲ್ಲ.

ಹೇಳಿ ತೋರಿಸೋ ಆ ಒಂದು ನಿಮಿಷದಲ್ಲಿ ನಾನು ಜೋಡಿಗಳ ಮಧ್ಯೆ ಓಡಾಡ್ತಿದ್ದೆ. ಒಬ್ಬ ಹುಡುಗಿ ತಲೆ ಅಡ್ಡ ಆಡಿಸಿ ಏನೋ ಬೇಡ ಅಂದಳು. ಅವಳ ಜೋಡಿ ಸರಿ ಅಂತ ತಲೆ ಆಡಿಸಿದಳು. ಆಮೇಲೆ ಎದ್ದಾಗ ಮೂರೇ ವಾಕ್ಯ ಹೇಳಿ ಕೂತಳು. ಏನು ಬಿಟ್ಟಳು ಅಂತ ನನಗೆ ಗೊತ್ತಿಲ್ಲ. ನನಗಾಗಲಿ ಜಗಲಿ ಕೆಳಗೆ ನಿಂತಿದ್ದ ಅವಳ ಊರಿನವರಿಗಾಗಲಿ ಗೊತ್ತಾಗಬಾರದು ಅಂತಾನೇ ಆ ನಿಮಿಷ ಇಟ್ಟಿದ್ದು. ಸಮಯ ಸಾಲದೇ ಹೋದ್ರೆ ಮಾತಿನ ಮೂರು ನಿಮಿಷವನ್ನ ಎರಡು ಮಾಡಿ, ಈ ಒಂದನ್ನ ಮಾತ್ರ ಕತ್ತರಿಸಬೇಡಿ.

ಎಡವಟ್ಟು ಆಗ್ತಿದೆ ಅಂತ ಗೊತ್ತಾಗೋಕೆ ಗುರುತುಗಳಿವೆ. ಚಪ್ಪಾಳೆ ತಟ್ಟಿದ ಮೇಲೂ ಒಬ್ಬರೇ ಮಾತಾಡ್ತಿದ್ರೆ ಹತ್ತಿರ ಹೋಗಿ "ಈಗ ಇವರು" ಅಂತ ತಿರುಗಿಸಬೇಕು. ಯಾರಾದ್ರೂ ಫೋನಲ್ಲಿ ಟೈಪ್ ಮಾಡ್ಕೊಳ್ತಿದ್ರೆ ಅವರು ಆಮೇಲೆ ಬಯೋಡೇಟಾ ಓದ್ತಾರೆ. ಪರಿಚಯ ಹೇಳುವಾಗ ತಪ್ಪು ಬಂದ್ರೆ ಅಂತ, ಹೇಳಿಸ್ಕೊಂಡವರಿಗೆ ಕೊನೆಗೆ ಒಂದು ವಾಕ್ಯ ಕೊಡಿ: ತಿದ್ದಬಹುದು, ಸೇರಿಸಬಹುದು, ಸುಮ್ಮನೆ ಕೂರಬಹುದು.

ಇದು ಎಲ್ಲ ಕಡೆ ಆಗಲ್ಲ. ನೂರಿಪ್ಪತ್ತು ಜನರ ಸೆಮಿನಾರ್ ಹಾಲಲ್ಲಿ ಎರಡು ಗುಂಪು ಸಾಕಾಗಲ್ಲ, ಏಳೆಂಟು ಗುಂಪು ಮಾಡಿ ಪ್ರತಿಯೊಂದಕ್ಕೂ ಗಡಿಯಾರ ನೋಡೋರು ಒಬ್ಬರು ಬೇಕು. ಒಂದೇ ಸೆಕ್ಷನ್ನಿನ ಹಳೇ ಫ್ರೆಂಡ್ಸ್ ಮಧ್ಯೆ ಆಡಿಸಿದ್ರೆ ಬರೀ ಕಾಲೆಳೆಯೋದೇ. ಎರಡು ಗಂಟೆಯ ಸೆಷನ್‌ಗೆ ಅರ್ಧ ಗಂಟೆ ಇದಕ್ಕೇ ಕೊಡೋದು ದುಬಾರಿ. ಗೊತ್ತಿಲ್ಲದವರು ಕೆಲವು ದಿನ ಒಟ್ಟಿಗೆ ಕೆಲಸ ಮಾಡೋ ಕಡೆ ಮಾತ್ರ ಇದಕ್ಕೆ ಅರ್ಥ ಇದೆ.

ಮುಂದಿನ ಸಲ ನಿಮ್ಮ ಕ್ಲಬ್‌ನಲ್ಲಿ ಯಾರಾದ್ರೂ "ಪಕ್ಕದವರ ಜೊತೆ ಮಾತಾಡಿ" ಅಂತ ಶುರು ಮಾಡಿದ್ರೆ, ಕೈ ಎತ್ತಿ ಒಂದೇ ಪ್ರಶ್ನೆ ಕೇಳಿ: "ಸರ್, ಇದನ್ನ ಆಮೇಲೆ ಎಲ್ಲರ ಮುಂದೆ ಹೇಳಬೇಕಾ?" ಮಾತು ಶುರುವಾಗೋ ಮುಂಚೆ ಉತ್ತರ ಸಿಕ್ಕಿದ್ರೆ ಅರ್ಧ ಸೂಚನೆ ಕೊಟ್ಟ ಹಾಗೇನೆ.