ಬಿಳಿ ಅಂಗಿ, ಕಡಲೆ ಕರಿ ಮತ್ತು ಒಂದೂವರೆ ಗಂಟೆ

ನಮ್ಮ ಗಡಿನಾಡಿನ ಶಾಲೆಗಳಲ್ಲಿ ಮೇ ತಿಂಗಳ ಕೊನೆಯ ವಾರ ಎಂದರೆ ಸಂದರ್ಶನಗಳ ವಾರ. ಜೂನ್‌ನಲ್ಲಿ ಶಾಲೆ ತೆರೆಯುವ ಮೊದಲು ಖಾಲಿ ಇರುವ ಹುದ್ದೆಗಳಿಗೆ ದಿನಗೂಲಿಯ ಅಧ್ಯಾಪಕರನ್ನು ಆರಿಸಬೇಕು. ಪತ್ರಿಕೆಯ ಮೂಲೆಯಲ್ಲಿ ನಾಲ್ಕು ಸಾಲಿನ ಸುದ್ದಿ ಬರುತ್ತದೆ, ಅಸಲು ಪ್ರಮಾಣಪತ್ರಗಳೊಂದಿಗೆ ಇಂಥ ದಿನ ಹತ್ತೂವರೆಗೆ ಹಾಜರಾಗಬೇಕು ಅಂತ. ಬರುವವರು ಬಿ.ಎಡ್ ಅಥವಾ ಡಿ.ಎಡ್ ಮುಗಿಸಿ, ಕೆ-ಟೆಟ್ ಪಾಸಾಗಿ, ಒಂದು ಶಾಲೆಯಿಂದ ಇನ್ನೊಂದು ಶಾಲೆಗೆ ಓಡಾಡುತ್ತಿರುವ ಹುಡುಗ ಹುಡುಗಿಯರು. ಹುಡುಗರಲ್ಲಿ ಹೆಚ್ಚಿನವರ ಮೈಮೇಲೆ ಬಿಳಿ ಅಂಗಿಯೇ. ಯಾರು ಈ ನಿಯಮ ಮಾಡಿದರೋ ನಮಗೆ ತಿಳಿಯದು, ಕೆಂಪು ಮಣ್ಣಿನ ಈ ಊರಿನಲ್ಲಿ, ಬಸ್ಸಿನಲ್ಲಿ ನೇತಾಡಿಕೊಂಡು ಬರುವವನಿಗೆ ಬಿಳಿ ಅಂಗಿಯಷ್ಟು ಕಷ್ಟದ ಬಟ್ಟೆ ಬೇರೆ ಇಲ್ಲ.

2023ರ ಮೇ ತಿಂಗಳಲ್ಲಿ ನಮ್ಮ ಶಾಲೆಗೂ ಹಾಗೆ ಏಳು ಮಂದಿ ಬಂದಿದ್ದರು. ಅವರಲ್ಲಿ ಒಬ್ಬ ಮುಳ್ಳೇರಿಯ ಕಡೆಯ ಹುಡುಗ. ಬೆಳಗ್ಗಿನ ಮೊದಲ ಬಸ್ಸಿಗೆ ಹೊರಟು, ಪೇಟೆಯಲ್ಲಿ ಇಳಿದು, ಹೋಟೆಲಿನಲ್ಲಿ ಪುಟ್ಟು ಮತ್ತು ಕಡಲೆ ಕರಿ ತಿಂದಿದ್ದಾನೆ. ಪಕ್ಕದಲ್ಲಿ ಕುಳಿತವರ ಮೊಣಕೈ ತಾಗಿ ಕರಿಯ ಬಟ್ಟಲು ಅವನ ಎದೆಯ ಮೇಲೆಯೇ ಕವುಚಿತು. ಅದೃಷ್ಟಕ್ಕೆ ಪೂರ್ತಿ ಅಲ್ಲ. ಎಡಗಡೆಯ ಕಿಸೆಯ ಕೆಳಗೆ ಅಂಗೈ ಅಗಲದ ಒಂದು ಕಲೆ, ಅದರ ಕೆಳಗೆ ಮೂರು ಹನಿ. ಅವನು ಮಾಡಿದ್ದು ಎಲ್ಲರೂ ಮಾಡುವ ಕೆಲಸ. ಕೈ ತೊಳೆಯುವಲ್ಲಿಗೆ ಓಡಿ, ಅಲ್ಲಿದ್ದ ಸಾಬೂನಿನ ತುಂಡನ್ನು ಕಲೆಯ ಮೇಲೆ ಉಜ್ಜಿದ. ಹಳದಿ ಇದ್ದ ಕಲೆ ಕಣ್ಣೆದುರೇ ರಕ್ತದ ಹಾಗೆ ಕೆಂಪಾಯಿತು!

ಒಂಬತ್ತೂವರೆಗೆ ಅವನು ನಮ್ಮ ಶಾಲೆಯ ಗೇಟಿನ ಹತ್ತಿರ ಫೈಲನ್ನು ಎದೆಗೆ ಒತ್ತಿ ಹಿಡಿದು ನಿಂತಿದ್ದಾಗ ಮುಖ ನೋಡುವ ಹಾಗಿರಲಿಲ್ಲ. ಹಿಂದಿನ ವರ್ಷ ಎರಡು ಕಡೆ ಸಂದರ್ಶನಕ್ಕೆ ಹೋಗಿ ಸಿಕ್ಕಿರಲಿಲ್ಲವಂತೆ, ಮನೆಯಲ್ಲಿ ಅಮ್ಮ ಬೀಡಿ ಕಟ್ಟಿ ಓದಿಸಿದ್ದು. "ಮನೆಗೆ ಹೋಗಿ ಬರುವಾಂದ್ರೆ ಬಸ್ಸಿಲ್ಲ ಟೀಚರ್" ಎಂದ. ನಮ್ಮಲ್ಲಿ ಒಬ್ಬರು ತಮ್ಮ ಅಂಗಿ ಕೊಡಲು ನೋಡಿದರು, ಆದರೆ ಅವರ ಅಂಗಿಯೊಳಗೆ ಆ ಹುಡುಗನಂಥವರು ಇಬ್ಬರು ಹಿಡಿಯುತ್ತಿದ್ದರು.

ಆವತ್ತು ಶಾಲೆ ತೆರೆಯುವ ಮೊದಲು ಪಾತ್ರೆ ತೊಳೆದಿಡಲು ಅಡುಗೆಯ ಅಕ್ಕ ಬಂದಿದ್ದರು. ಇಪ್ಪತ್ತು ವರ್ಷ ಮಕ್ಕಳಿಗೆ ಸಾರು ಬಡಿಸಿದವರು, ಅವರು ನೋಡದ ಕಲೆ ಇಲ್ಲ. "ಅದು ರಕ್ತ ಅಲ್ಲ ಮಗಾ, ಅರಶಿನ. ಸೋಪಿಗೆ ಕೆಂಪಾದ್ದು. ಎಂತ ಹೆದರುದು? ಅಂಗಿ ತೆಗಿ" ಎಂದರು. ಹುಡುಗ ಯಾರದೋ ಬೈರಾಸು ಹೊದ್ದುಕೊಂಡು ಸ್ಟಾಫ್ ರೂಮಿನ ಬಾಗಿಲ ಹಿಂದೆ ಕುಳಿತ.

ಕೆಂಪಾದದ್ದು ಯಾಕೆ ಎಂದು ನಮ್ಮ ಶಾಲೆಯ ಏಳನೆಯ ತರಗತಿಯ ಮಕ್ಕಳಿಗೂ ಗೊತ್ತು. ಅರಶಿನದ ನೀರಿನಲ್ಲಿ ಅದ್ದಿ ಒಣಗಿಸಿದ ಕಾಗದಕ್ಕೆ ಸಾಬೂನಿನ ನೀರು ತಾಗಿಸಿದರೆ ಕೆಂಪಾಗುತ್ತದೆ, ಪ್ರತ್ಯಾಮ್ಲದ ಗುರುತು ಅದು. ಆರತಿಯ ಓಕುಳಿ ನೀರಿಗೆ ಅರಶಿನಕ್ಕೆ ಸುಣ್ಣ ಸೇರಿಸಿದಾಗ ಕೆಂಪಾಗುವುದೂ ಅದೇ ಕಾರಣದಿಂದ. ಅರಶಿನದ ಬಣ್ಣವಾದ ಕರ್ಕ್ಯುಮಿನ್ ಪ್ರತ್ಯಾಮ್ಲದಲ್ಲಿ ಕೆಂಪು, ಆಮ್ಲ ತಾಗಿದರೆ ಪುನಃ ಹಳದಿ. ಅಂದರೆ ಹುಡುಗನ ಅಂಗಿಯಲ್ಲಿ ಹೊಸ ಕಲೆ ಏನೂ ಆಗಿರಲಿಲ್ಲ, ಇದ್ದದ್ದೇ ಬಣ್ಣ ಬದಲಿಸಿತ್ತು ಅಷ್ಟೆ. ಅಕ್ಕ ಅರ್ಧ ಲಿಂಬೆಹುಳಿ ಹಿಂಡಿದರು, ಕೆಂಪು ಹೋಗಿ ಹಳದಿ ಬಂತು. ಹುಡುಗನ ಮುಖದಲ್ಲಿ ಸ್ವಲ್ಪ ಜೀವ ಬಂತು. ಆದರೆ ಒಂದು ಮಾತು ಹೇಳಿಬಿಡುತ್ತೇವೆ, ಲಿಂಬೆ ಕಲೆಯನ್ನು ತೆಗೆಯಲಿಲ್ಲ. ಬಣ್ಣ ತಿರುಗಿಸಿತು ಮಾತ್ರ. ಲಿಂಬೆ ಹಚ್ಚಿ "ಹೋಯ್ತು" ಎಂದು ಅಂಗಿ ಮಡಚಿಟ್ಟವರು ಮುಂದಿನ ಸಲ ಸೋಪಿನ ಪುಡಿಯಲ್ಲಿ ನೆನೆಸಿದಾಗ ಅದೇ ಕೆಂಪನ್ನು ಪುನಃ ನೋಡುತ್ತಾರೆ.

ಕರಿಯ ಕಲೆ ಒಂದಲ್ಲ, ಎರಡು. ಒಂದು ಎಣ್ಣೆ, ಇನ್ನೊಂದು ಬಣ್ಣ. ಅರಶಿನದ ಬಣ್ಣ ಬರೀ ನೀರಿನಲ್ಲಿ ಕರಗುವುದೇ ಇಲ್ಲವೆನ್ನಬಹುದು, ಎಣ್ಣೆಯಲ್ಲಿ ಕರಗುತ್ತದೆ. ಮೆಣಸಿನ ಕೆಂಪೂ ಹಾಗೆಯೇ. ಒಗ್ಗರಣೆಯ ತೆಂಗಿನೆಣ್ಣೆ ಎರಡನ್ನೂ ಹೊತ್ತುಕೊಂಡು ನೂಲಿನೊಳಗೆ ಇಳಿಯುತ್ತದೆ. ಆದ್ದರಿಂದ ಮೊದಲು ಎಣ್ಣೆ, ಆಮೇಲೆ ಬಣ್ಣ. ಈ ಕ್ರಮ ತಪ್ಪಿದರೆ ಎಷ್ಟು ಉಜ್ಜಿದರೂ ಕಲೆ ಅಗಲವಾಗುತ್ತದೆಯೇ ಹೊರತು ಹೋಗುವುದಿಲ್ಲ.

ಅಕ್ಕ ಮಾಡಿದ್ದು ಹೀಗೆ. ಕಿಸೆಯ ಹೊಲಿಗೆಯಲ್ಲಿ ಇನ್ನೂ ಸಿಕ್ಕಿಕೊಂಡಿದ್ದ ಮಸಾಲೆಯನ್ನು ಚಮಚದ ಅಂಚಿನಿಂದ ಹೊರಗಿನಿಂದ ಒಳಕ್ಕೆ ಎಳೆದು ತೆಗೆದರು. ಅಂಗಿಯನ್ನು ಒಳಮೈ ಮೇಲೆ ಮಾಡಿ, ಕಲೆಯ ಹಿಂದಿನಿಂದ ತಣ್ಣೀರು ಬಿಟ್ಟರು. ಹಿಂದಿನಿಂದ ಯಾಕೆಂದರೆ ಬಂದ ದಾರಿಯಲ್ಲೇ ಹೊರಗೆ ಹೋಗಲಿ ಅಂತ. ಮುಂದಿನಿಂದ ನೀರು ಬಿಟ್ಟರೆ ಕಲೆಯನ್ನು ಬಟ್ಟೆಯೊಳಗೆ ತಳ್ಳಿದ ಹಾಗೆ. ಬಿಸಿನೀರು ಕೇಳಿದ ನಮಗೆ ಅವರಿಂದ ಬೈಗಳು ಸಿಕ್ಕಿತು. ಬಿಸಿ ತಾಗಿದರೆ ಬಣ್ಣ ನೂಲಿಗೆ ಇನ್ನೂ ಗಟ್ಟಿಯಾಗಿ ಹಿಡಿಯುತ್ತದೆ. ಇಸ್ತ್ರಿಯಂತೂ ಕಲೆ ಪೂರ್ತಿ ಹೋಗುವ ತನಕ ಹತ್ತಿರವೂ ಬರಬಾರದು.

ಆಮೇಲೆ ಪಾತ್ರೆ ತೊಳೆಯುವ ಲಿಕ್ವಿಡ್, ಮೂರೇ ಹನಿ. ಬೆರಳ ತುದಿಯಿಂದ ಎರಡು ನಿಮಿಷ ಮೆತ್ತಗೆ ತಿಕ್ಕಿ, ಐದು ನಿಮಿಷ ಹಾಗೆಯೇ ಬಿಟ್ಟು, ನೊರೆ ಪೂರ್ತಿ ಹೋಗುವ ತನಕ ತೊಳೆದರು. ಎಣ್ಣೆ ಬಿಡಿಸುವುದಕ್ಕೆಂದೇ ಮಾಡಿದ್ದು ಅದು, ಮೈಸೋಪಿನಷ್ಟು ಪ್ರತ್ಯಾಮ್ಲವೂ ಅಲ್ಲ. ಎಣ್ಣೆ ಹೋಯಿತೋ ಇಲ್ಲವೋ ಎಂದು ತಿಳಿಯಲು ಬಟ್ಟೆಯನ್ನು ಒತ್ತಿ ನೀರು ತೆಗೆದು ಬೆಳಕಿಗೆ ಹಿಡಿಯಬೇಕು. ಒಣಗುತ್ತ ಬಂದಂತೆ ಒಂದು ಜಾಗ ಮಾತ್ರ ಎಣ್ಣೆಕಾಗದದಂತೆ ಪಾರದರ್ಶಕವಾಗಿ ಕಂಡರೆ ಎಣ್ಣೆ ಇನ್ನೂ ಇದೆ. ನಮ್ಮ ಹುಡುಗನ ಅಂಗಿಯಲ್ಲಿ ದೊಡ್ಡ ಕಲೆಯ ನಡುವೆ ಹಾಗೆ ಕಂಡಿತು, ಇನ್ನೊಂದು ಸಲ ಲಿಕ್ವಿಡ್ ಹಾಕಬೇಕಾಯಿತು.

ಈಗ ಉಳಿದದ್ದು ಹಳದಿ. ಇಲ್ಲಿ ವಿಜ್ಞಾನದ ಟೀಚರ್ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಿಂದ ಸ್ಪಿರಿಟ್ ಮತ್ತು ಹತ್ತಿ ತಂದರು. ನೀರಿನಲ್ಲಿ ಕರಗದ ಅರಶಿನದ ಬಣ್ಣ ಸ್ಪಿರಿಟ್‌ನಲ್ಲಿ ಕರಗುತ್ತದೆ. ಕಲೆಯ ಅಡಿಯಲ್ಲಿ ಮಡಚಿದ ಹಳೆಯ ಬಿಳಿ ಬಟ್ಟೆ ಇಟ್ಟು, ಮೇಲಿನಿಂದ ಸ್ಪಿರಿಟ್ ಅದ್ದಿದ ಹತ್ತಿಯನ್ನು ಒತ್ತುವುದು. ಉಜ್ಜುವುದಲ್ಲ, ಒತ್ತುವುದು. ಅಡಿಯ ಬಟ್ಟೆಯಲ್ಲಿ ಹಳದಿ ಮೂಡಿತು. ಪ್ರತಿ ಸಲವೂ ಆ ಬಟ್ಟೆಯ ಹೊಸ ಜಾಗವನ್ನು ಕಲೆಯ ಕೆಳಗೆ ತರಬೇಕು, ಇಲ್ಲವಾದರೆ ಹೋದ ಬಣ್ಣ ಹಿಂದೆ ಬರುತ್ತದೆ. ಆರೇಳು ಸಲ ಆಗುವಾಗ ಅಡಿಯ ಬಟ್ಟೆಗೆ ಹೆಚ್ಚೇನೂ ಬರಲಿಲ್ಲ, ನಿಲ್ಲಿಸಿದರು. ಕೊರೋನಾ ಕಾಲದಿಂದ ಎಲ್ಲರ ಚೀಲದಲ್ಲಿರುವ ಸ್ಯಾನಿಟೈಸರ್ ಕೂಡ ಆದೀತು, ಅದರಲ್ಲಿರುವುದೂ ಆಲ್ಕೋಹಾಲ್, ಆದರೆ ಬಣ್ಣ ಸೇರಿಸಿದ್ದು ಬೇಡ. ಸ್ಪಿರಿಟ್ ಬೆಂಕಿಗೆ ತಟ್ಟನೆ ಹತ್ತಿಕೊಳ್ಳುವ ವಸ್ತು. ಹಾಗಾಗಿ ಈ ಕೆಲಸ ಅಡುಗೆಕೋಣೆಯಲ್ಲಿ ಅಲ್ಲ, ಜಗಲಿಯಲ್ಲಿ ನಡೆಯಿತು. ಕೊನೆಗೆ ಪುನಃ ನೀರಿನಲ್ಲಿ ತೊಳೆದು, ಬೈರಾಸಿನ ಮಡಿಕೆಯೊಳಗೆ ಒತ್ತಿ ನೀರು ತೆಗೆದರು. ಹಿಂಡಲಿಲ್ಲ. ಹಿಂಡಿದರೆ ಬೀಳುವ ಸುಕ್ಕು ಕಲೆಗಿಂತ ದೂರದಿಂದ ಕಾಣುತ್ತದೆ.

ಗಂಟೆ ಹತ್ತು ಕಾಲು. ಮಳೆ ಇನ್ನೂ ಬಂದಿರಲಿಲ್ಲ, ಅಂಗಳದಲ್ಲಿ ಚುರುಕು ಬಿಸಿಲು. ಒದ್ದೆ ಇರುವಾಗಲೇ ಕಲೆಯ ಭಾಗ ಸೂರ್ಯನಿಗೆ ನೇರ ಇರುವಂತೆ ಅಂಗಿಯನ್ನು ಹಗ್ಗಕ್ಕೆ ಹಾಕಿದರು. ಅರಶಿನದ ಬಣ್ಣದ ದೊಡ್ಡ ದೌರ್ಬಲ್ಯ ಬಿಸಿಲು. ಬೆಳಕಿಗೆ ಅದು ಒಡೆದು ಬಣ್ಣವಿಲ್ಲದ ವಸ್ತುವಾಗುತ್ತದೆ. ಅರಶಿನದಲ್ಲಿ ಅದ್ದಿದ ಬಟ್ಟೆ ಬೇಗ ಮಾಸುವುದು ಇದಕ್ಕೇ. ಮುಕ್ಕಾಲು ಗಂಟೆಯಲ್ಲಿ ತೆಳು ಹತ್ತಿಯ ಅಂಗಿ ಒಣಗಿತು. ಕಲೆ ಇದ್ದಲ್ಲಿ ಹಳೆಯ ಕಾಗದದಂಥ ಒಂದು ನೆರಳು ಉಳಿದಿತ್ತು, ಮೂರು ಅಡಿ ದೂರ ನಿಂತರೆ ನಮಗೆ ಕಾಣಲಿಲ್ಲ. ಸಂದರ್ಶನದ ಮೇಜು ಅದಕ್ಕಿಂತ ಅಗಲ ಇದೆ. ಅವನ ಸರದಿ ನಾಲ್ಕನೆಯದಾಗಿತ್ತು, ಹನ್ನೊಂದು ಗಂಟೆ ದಾಟಿದ ಮೇಲೆ ಕರೆದರು.

ನಡುವೆ ಒಬ್ಬರು ಬ್ಲೀಚಿಂಗ್ ಪೌಡರ್ ಹಾಕುವ ಎಂದಿದ್ದರು. ಶಾಲೆ ತೆರೆಯುವ ಮುಂಚೆ ಬಾವಿಗೆ ಹಾಕಲು ತಂದದ್ದು ಮೂಲೆಯಲ್ಲಿತ್ತು. ಅಕ್ಕ ಅದನ್ನು ಮುಟ್ಟಲು ಬಿಡಲಿಲ್ಲ, ಒಳ್ಳೆಯದೇ ಆಯಿತು. ಪುಡಿ ಬಿದ್ದಲ್ಲಿ ಹತ್ತಿಯ ನೂಲು ಸತ್ತು ಎರಡು ಒಗೆತದಲ್ಲಿ ತೂತಾಗುತ್ತದೆ. ಅದಕ್ಕಿಂತ ಮುಖ್ಯ, ಆ ಅಂಗಿಗೆ ಆಗಲೇ ಲಿಂಬೆಹುಳಿ ಹಿಂಡಿದ್ದರು. ಬ್ಲೀಚಿಂಗ್ ಪೌಡರಿಗೆ ಹುಳಿ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಉಸಿರಿಗೆ ಅಪಾಯ. ಇವೆರಡನ್ನು ಯಾವ ಕಾರಣಕ್ಕೂ ಒಟ್ಟು ಮಾಡಬೇಡಿ.

ಹುಡುಗನಿಗೆ ಆವತ್ತು ಕೆಲಸ ಸಿಗಲಿಲ್ಲ, ಪಟ್ಟಿಯಲ್ಲಿ ಎರಡನೆಯವನಾದ. ಜುಲೈಯಲ್ಲಿ ಮೊದಲಿನವರು ಬೇರೆ ಕಡೆ ಹೋದಾಗ ಅವನನ್ನು ಕರೆದೆವು, ಆ ವರ್ಷ ಪೂರ್ತಿ ನಮ್ಮಲ್ಲೇ ಕಲಿಸಿದ. ಅಂಗಿಯ ವಿಷಯ ಕೇಳಿದಾಗ, ಮನೆಯಲ್ಲಿ ಮೂರು ದಿನ ಒದ್ದೆ ಮಾಡಿ ಬಿಸಿಲಿಗೆ ಹಾಕಿದ್ದಾಗಿ ಹೇಳಿದ. ಕಲೆ ಇತ್ತೆಂದು ತೋರಿಸಲು ಹೋದರೆ ಅವನಿಗೇ ಜಾಗ ಸಿಗಲಿಲ್ಲ.

ಇದೆಲ್ಲ ಬಿಳಿ ಹತ್ತಿಯ ಅಂಗಿಗೆ, ಅದೂ ಕಲೆಯಾದ ಒಂದೆರಡು ಗಂಟೆಯೊಳಗೆ. ಪಾಲಿಯೆಸ್ಟರ್ ಬೆರೆತ ಬಟ್ಟೆ ಎಣ್ಣೆಯನ್ನು ಬೇಗ ಬಿಡುವುದಿಲ್ಲ, ಲಿಕ್ವಿಡ್ ಎರಡು ಮೂರು ಸಲ ಬೇಕಾದೀತು. ಬಣ್ಣದ ಅಂಗಿಯಾದರೆ ಸ್ಪಿರಿಟನ್ನು ಮೊದಲು ಒಳಗಿನ ಅಂಚಿಗೆ ಹಚ್ಚಿ ನೋಡಿ, ಅಂಗಿಯ ಬಣ್ಣವೇ ಹತ್ತಿಗೆ ಬಂದರೆ ಅಲ್ಲಿಗೇ ನಿಲ್ಲಿಸಿ. ರೇಷ್ಮೆಗೆ ಇದು ಯಾವುದೂ ಬೇಡ. ಜೂನ್ ಜುಲೈಯ ಮಳೆಯಲ್ಲಿ ಬಿಸಿಲು ಸಿಗದಿದ್ದರೆ ಸ್ಪಿರಿಟ್‌ನ ತನಕದ ಕೆಲಸ ಮಾಡಿ, ಫ್ಯಾನಿನ ಕೆಳಗೆ ಒಣಗಿಸಿ ಹಾಕಿಕೊಳ್ಳಬಹುದು, ಉಳಿದ ಹಳದಿ ಬಿಸಿಲು ಬಂದ ದಿನ ಹೋಗುತ್ತದೆ. ಅರಶಿನ ಪೂರ್ತಿ ಹೋಯಿತೇ ಎಂಬ ಸಂಶಯ ಇದ್ದರೆ ಮೈಸೋಪಿನ ಒಂದು ಗೆರೆ ಎಳೆದು ನೋಡಿ. ಕೆಂಪಾದರೆ ಇನ್ನೂ ಇದೆ.