ತಪ್ಪಿದ ಬಿಟ್‌ನ ವಿಳಾಸ

2003ರ ಮೇ 18ರಂದು ಬೆಲ್ಜಿಯಂನಲ್ಲಿ ಚುನಾವಣೆ ನಡೆಯಿತು. ಬ್ರಸೆಲ್ಸ್ ಪಕ್ಕದ ಸ್ಕಾರ್‌ಬೇಕ್ ಅನ್ನೋ ಊರಲ್ಲಿ ಒಬ್ಬ ಅಭ್ಯರ್ಥಿಗೆ ಕಂಪ್ಯೂಟರ್ ಕೊಟ್ಟ ಮತಗಳು, ಆಕೆಗೆ ಸಿಗೋಕೆ ಸಾಧ್ಯವಿದ್ದದ್ದಕ್ಕಿಂತ ಹೆಚ್ಚಾಗಿದ್ದವು. ಅನುಮಾನ ಬಂದು ಮತದಾರರ ಕಾರ್ಡುಗಳನ್ನೆಲ್ಲ ಮತ್ತೆ ಎಣಿಸಿದರು. ಆಕೆಗೆ ಮೊದಲು ಸಿಕ್ಕಿದ್ದ ಹೆಚ್ಚುವರಿ ಮತಗಳು ಸರಿಯಾಗಿ 4096. ಪ್ರೋಗ್ರಾಮ್‌ನಲ್ಲಿ ದೋಷ ಹುಡುಕಿದರು, ಸಿಗಲಿಲ್ಲ. ಆದರೆ 4096 ಅಂದರೆ 2ರ 12ನೇ ಘಾತ. ಮೆಮೊರಿಯಲ್ಲಿದ್ದ ಒಂದೇ ಒಂದು ಬಿಟ್ 0 ಇದ್ದದ್ದು ತಾನಾಗೇ 1 ಆಗಿರಬೇಕು ಅನ್ನೋದು ತಜ್ಞರು ಕೊಟ್ಟ ವಿವರಣೆ.

ಇದನ್ನ ಹಾಸ್ಟೆಲ್ ರೂಮಲ್ಲಿ ಜೋರಾಗಿ ಓದಿ ಹೇಳಿದೆ. ನನ್ನ ರೂಮ್‌ಮೇಟ್ ಗದಗದ ಕಡೆಯವನು, ಮೆಕ್ಯಾನಿಕಲ್ ಬ್ರ್ಯಾಂಚ್. "ಬಿಟ್ ತಾನ ಹೆಂಗ್ ತಿರುಗ್ತತಲೇ? ದೆವ್ವ ಹೊಕ್ಕೈತೇನು?" ಅಂದ. ಪ್ರಶ್ನೆ ಸರಿಯಾಗೇ ಇತ್ತು. ಡಿರ‍್ಯಾಮ್‌ನಲ್ಲಿ ಒಂದು ಬಿಟ್ ಅಂದರೆ ಒಂದು ಪುಟ್ಟ ಕೆಪಾಸಿಟರ್‌ನಲ್ಲಿ ಕೂಡಿಟ್ಟ ಸ್ವಲ್ಪ ಚಾರ್ಜ್, ಅಷ್ಟೇ. ಬಾಹ್ಯಾಕಾಶದಿಂದ ಬರುವ ಕಿರಣಗಳಿಂದ ಹುಟ್ಟಿದ ಕಣವೋ, ಚಿಪ್‌ನ ಕವಚದಲ್ಲೇ ಇರೋ ವಿಕಿರಣಶೀಲ ಕಲ್ಮಶದಿಂದ ಹೊರಟ ಆಲ್ಫಾ ಕಣವೋ ಅಲ್ಲಿ ಹಾದುಹೋದರೆ ಆ ಚಾರ್ಜ್ ಕದಡಬಹುದು. ಚಿಪ್ ಸುಡುವುದಿಲ್ಲ, ಏನೂ ಒಡೆಯುವುದಿಲ್ಲ. ಒಳಗಿನ ಬೆಲೆ ಮಾತ್ರ ಬದಲಾಗಿರುತ್ತೆ.

ಅವನ ಮುಂದಿನ ಪ್ರಶ್ನೆ: "ಮತ್ತ ಅದನ್ನ ಕಾಯಾಕ ಯಾರನ್ನೂ ಇಟ್ಟಿಲ್ಲೇನು?"

ಇಡಬಹುದು. ಎಲ್ಲಕ್ಕಿಂತ ಸುಲಭದ ಕಾವಲು ಪ್ಯಾರಿಟಿ. ಎಂಟು ಬಿಟ್‌ಗಳ ಜೊತೆ ಇನ್ನೊಂದು ಬಿಟ್ ಸೇರಿಸಿ, ಒಟ್ಟು 1ಗಳ ಸಂಖ್ಯೆ ಸಮ ಆಗೋ ಹಾಗೆ ನೋಡಿಕೊಳ್ಳೋದು. ಓದುವಾಗ ಬೆಸ ಬಂದರೆ ಏನೋ ಕೆಟ್ಟಿದೆ ಅಂತ ಗೊತ್ತಾಗುತ್ತೆ. ಎಲ್ಲಿ ಅಂತ ಗೊತ್ತಾಗಲ್ಲ. ಬೆಲ್ ಲ್ಯಾಬ್ಸ್‌ನಲ್ಲಿದ್ದ ರಿಚರ್ಡ್ ಹ್ಯಾಮಿಂಗ್‌ಗೆ ತಲೆಕೆಡಿಸಿದ್ದೂ ಇದೇ. ಅವರ ಲೆಕ್ಕಗಳು ವಾರಾಂತ್ಯದಲ್ಲಿ ರಿಲೇ ಯಂತ್ರದ ಮೇಲೆ ಓಡುತ್ತಿದ್ದವು. ತಪ್ಪು ಕಂಡರೆ ಯಂತ್ರ ಆ ಕೆಲಸವನ್ನ ಅಲ್ಲಿಗೇ ಬಿಟ್ಟು ಮುಂದಿನದಕ್ಕೆ ಹೋಗುತ್ತಿತ್ತು. ಸೋಮವಾರ ಬಂದು ನೋಡಿದರೆ ಕೈಗೆ ಏನೂ ಇಲ್ಲ. ತಪ್ಪಾಗಿದೆ ಅಂತ ಗೊತ್ತಾಗೋ ಯಂತ್ರಕ್ಕೆ ಎಲ್ಲಿ ತಪ್ಪಾಗಿದೆ ಅಂತ ಯಾಕೆ ಗೊತ್ತಾಗಬಾರದು ಅಂತ ಹಿಡಿದು ಕೂತರು. ಉತ್ತರವನ್ನ 1950ರಲ್ಲಿ ಪ್ರಕಟಿಸಿದರು.

ಆ ಉತ್ತರದ ಜೀವ ಇರೋದು ಒಂದು ಹಳೇ ಆಟದಲ್ಲಿ. ಶಾಲೆಯ ವಿಜ್ಞಾನ ಮೇಳದಲ್ಲಿ ನೀವೂ ನೋಡಿರ್ತೀರಿ: 1ರಿಂದ 15ರೊಳಗೆ ಒಂದು ಸಂಖ್ಯೆ ಮನಸ್ಸಲ್ಲಿ ಇಟ್ಕೊಳ್ಳಿ, ಈ ನಾಲ್ಕು ಕಾರ್ಡುಗಳಲ್ಲಿ ಯಾವುದರಲ್ಲಿ ಅದು ಇದೆ ಹೇಳಿ, ಸಂಖ್ಯೆ ನಾನು ಹೇಳ್ತೀನಿ. ಮೊದಲ ಕಾರ್ಡ್‌ನಲ್ಲಿ ಬೈನರಿಯಲ್ಲಿ 1ರ ಸ್ಥಾನ ಇರೋ ಸಂಖ್ಯೆಗಳು, ಎರಡನೆಯದರಲ್ಲಿ 2ರ ಸ್ಥಾನ ಇರುವವು, ಆಮೇಲೆ 4, ಆಮೇಲೆ 8. ಹೌದು, ಇಲ್ಲ ಅನ್ನೋ ನಾಲ್ಕು ಉತ್ತರಗಳನ್ನ ಸಾಲಾಗಿ ಇಟ್ಟರೆ ಅದೇ ಆ ಸಂಖ್ಯೆ. ಹ್ಯಾಮಿಂಗ್ ಕೋಡ್‌ನಲ್ಲಿ ಒಂದೊಂದು ಚೆಕ್ ಬಿಟ್ ಅಂದರೆ ಒಂದೊಂದು ಕಾರ್ಡ್. ಮನಸ್ಸಲ್ಲಿ ಸಂಖ್ಯೆ ಇಟ್ಕೊಂಡಿರೋದು ಕೆಟ್ಟ ಬಿಟ್.

ಒಂದು ಅಕ್ಷರ ತಗೊಂಡೇ ಮಾಡಿ ನೋಡೋಣ. ಇಂಗ್ಲಿಷಿನ K ಅಕ್ಷರ ಮೆಮೊರಿಯಲ್ಲಿ `01001011`. ಒಟ್ಟು 12 ಸ್ಥಾನಗಳ ಸಾಲು ಮಾಡಿ, 1, 2, 4, 8ನೇ ಸ್ಥಾನಗಳನ್ನ ಚೆಕ್ ಬಿಟ್‌ಗಳಿಗೆ ಬಿಡೋಣ. ಉಳಿದ 3, 5, 6, 7, 9, 10, 11, 12ರಲ್ಲಿ K ಅಕ್ಷರದ ಎಂಟು ಬಿಟ್‌ಗಳನ್ನ ಎಡದಿಂದ ತುಂಬೋಣ. ಈಗ 1 ಇರೋ ಸ್ಥಾನಗಳು 5, 9, 11, 12.

1ರ ಚೆಕ್ ಬಿಟ್ ನೋಡಬೇಕಾದ ಡೇಟಾ ಸ್ಥಾನಗಳು 3, 5, 7, 9, 11. ಅಲ್ಲಿ ಮೂರು 1ಗಳಿವೆ, ಬೆಸ. ಸಮ ಮಾಡೋಕೆ ಚೆಕ್ ಬಿಟ್ 1 ಆಗಬೇಕು. 2ರ ಚೆಕ್ ಬಿಟ್ 3, 6, 7, 10, 11 ನೋಡುತ್ತೆ. ಒಂದೇ 1, ಹಾಗಾಗಿ ಇದೂ 1. 4ರದ್ದು 5, 6, 7, 12. ಎರಡು 1ಗಳು, ಆಗಲೇ ಸಮ, ಹಾಗಾಗಿ 0. 8ರದ್ದು 9, 10, 11, 12. ಮೂರು 1ಗಳು, ಹಾಗಾಗಿ 1. ಮೆಮೊರಿಗೆ ಹೋಗೋದು ಇದು:

```
ಸ್ಥಾನ:  1  2  3  4  5  6  7  8  9 10 11 12
ಬಿಟ್ :  1  1  0  0  1  0  0  1  1  0  1  1
```

ಈಗ 10ನೇ ಸ್ಥಾನದ 0 ತಿರುಗಿ 1 ಆಯ್ತು ಅನ್ಕೊಳ್ಳಿ. ಕಾವಲೇ ಇಲ್ಲದಿದ್ದರೆ ಡೇಟಾ `01001111`, ಅಂದರೆ K ಹೋಗಿ O. ಕಾವಲಿದ್ದರೆ ಓದುವಾಗ ನಾಲ್ಕು ಗುಂಪುಗಳನ್ನ, ಅವುಗಳ ಚೆಕ್ ಬಿಟ್ ಸಮೇತ, ಮತ್ತೆ ಎಣಿಸ್ತಾರೆ. 8ರ ಗುಂಪು ಬೆಸ, ತಪ್ಪು. 4ರ ಗುಂಪು ಸರಿ. 2ರ ಗುಂಪು ಬೆಸ, ತಪ್ಪು. 1ರ ಗುಂಪು ಸರಿ. ತಪ್ಪಿಗೆ 1, ಸರಿಗೆ 0 ಅಂತ 8ರ ಗುಂಪಿನಿಂದ ಬರೆದರೆ `1010`. ಇದನ್ನೇ ಸಿಂಡ್ರೋಮ್ ಅನ್ನೋದು. `1010` ಅಂದರೆ 10. ಹುಡುಕೋ ಕೆಲಸವೇ ಇಲ್ಲ, ಕೆಟ್ಟ ಬಿಟ್ ತನ್ನ ವಿಳಾಸ ತಾನೇ ಹೇಳಿಬಿಟ್ಟಿತು. ಆ ಸ್ಥಾನದ ಬಿಟ್ ತಿರುಗಿಸಿದರೆ K ವಾಪಸ್.

ಇಷ್ಟು ಬರೆದು ತೋರಿಸಿದಾಗ ರೂಮ್‌ಮೇಟ್ ಒಂದು ನಿಮಿಷ ಸುಮ್ಮನಿದ್ದ. ಆಮೇಲೆ, "ಅಲ್ಲಲೇ, ಎಂಟು ಬಿಟ್ ಕಾಯಾಕ ನಾಕು ಬಿಟ್ ಇಟ್ಟಾರ. ಆ ನಾಕರಾಗ ಒಂದು ಕೆಟ್ಟರ ಯಾರು ಹೇಳೋರು?" ಅಂದ.

ಇದೇ ಒಳ್ಳೇ ಪ್ರಶ್ನೆ. ಚೆಕ್ ಬಿಟ್‌ಗಳನ್ನ 1, 2, 4, 8ರಲ್ಲೇ ಯಾಕೆ ಕೂರಿಸಿದರು ಅನ್ನೋದಕ್ಕೂ ಇದೇ ಉತ್ತರ. 4 ಅಂದರೆ `0100`, ಅದರಲ್ಲಿ ಒಂದೇ 1 ಇದೆ. ಹಾಗಾಗಿ 4ನೇ ಸ್ಥಾನದ ಚೆಕ್ ಬಿಟ್ ತನ್ನ ಗುಂಪಿಗೆ ಮಾತ್ರ ಸೇರುತ್ತೆ, ಬೇರೆ ಯಾವ ಗುಂಪಿಗೂ ಸೇರಲ್ಲ. ಅದೇ ತಿರುಗಿದರೆ ಒಂದೇ ಗುಂಪು ತಪ್ಪುತ್ತೆ, ಸಿಂಡ್ರೋಮ್ `0100`, ವಿಳಾಸ 4. ಡೇಟಾ ಬಿಟ್‌ಗಳು ಕೂತಿರೋ ಎಲ್ಲಾ ಸ್ಥಾನಗಳಿಗೆ ಬೈನರಿಯಲ್ಲಿ ಕನಿಷ್ಠ ಎರಡು 1 ಇರುತ್ತವೆ, ಆದ್ದರಿಂದ ಗೊಂದಲವಿಲ್ಲ. ಕಾವಲುಗಾರನೂ ಅದೇ ಓಣಿಯಲ್ಲಿ ಮನೆ ಮಾಡಿದ್ದಾನೆ, ಅವನಿಗೂ ಒಂದು ಮನೆ ನಂಬರ್ ಇದೆ.

ಎಷ್ಟು ಚೆಕ್ ಬಿಟ್ ಬೇಕು ಅನ್ನೋದೂ ಇಲ್ಲಿಂದಲೇ ಬರುತ್ತೆ. ಸಿಂಡ್ರೋಮ್ ಹೇಳಬೇಕಾದ್ದು 12 ವಿಳಾಸಗಳು, ಮತ್ತು 'ಎಲ್ಲಾ ಸರಿ' ಅನ್ನೋ ಒಂದು 0. ಒಟ್ಟು 13 ಸಂಗತಿ. ಮೂರು ಬಿಟ್‌ನಲ್ಲಿ 8 ಮಾತ್ರ ಹೇಳಬಹುದು, ನಾಲ್ಕರಲ್ಲಿ 16. 64 ಬಿಟ್‌ನ ವರ್ಡ್ ಆದರೆ ಏಳೇ ಸಾಕು, ಯಾಕಂದ್ರೆ 64, 7, ಮತ್ತೆ ಒಂದು ಸೇರಿ 72, ಅದು 128ರೊಳಗೇ ಇದೆ.

ಅವತ್ತು ಲ್ಯಾಪ್‌ಟಾಪ್‌ನಲ್ಲಿ ಇದನ್ನ ಬರೆದಾಗ ನನಗೆ ಇಷ್ಟವಾದದ್ದು, ಗುಂಪುಗಳನ್ನ ಬೇರೆಬೇರೆ ಎಣಿಸೋ ಅಗತ್ಯವೇ ಇಲ್ಲ ಅನ್ನೋದು. 1 ಇರೋ ಸ್ಥಾನಗಳ ನಂಬರ್‌ಗಳನ್ನೆಲ್ಲ ಎಕ್ಸಾರ್ ಮಾಡಿದರೆ ಮುಗೀತು:

```
s = 0
for i in range(1, 13):
    if word[i]:
        s ^= i
```

ಸರಿಯಾದ ಸಾಲಿಗೆ `s` 0 ಬರುತ್ತೆ. ಒಂದು ಬಿಟ್ ತಿರುಗಿದರೆ ಆ ಸ್ಥಾನದ ನಂಬರ್ ಒಂದೇ ಹೆಚ್ಚೋ ಕಡಿಮೆಯೋ ಆಗಿ, `s`ನಲ್ಲಿ ಉಳಿಯೋದು ಅದೇ ನಂಬರ್.

ಈ ನಾಲ್ಕು ಸಾಲಿನ ಕೋಡ್ ಇದ್ದಿದ್ದರಿಂದ ಎರಡು ಬಿಟ್ ತಿರುಗಿಸಿ ನೋಡೋಣ ಅಂತ ಇಬ್ಬರಿಗೂ ಅನ್ನಿಸಿತು. 10 ಮತ್ತು 7 ತಿರುಗಿಸಿದರೆ `s` ಬಂದದ್ದು 13. ಓಣಿಯಲ್ಲಿರೋದೇ 12 ಮನೆ. 13 ಅಂದರೆ ಏನೋ ದೊಡ್ಡ ಎಡವಟ್ಟು ಅಂತ ಗೊತ್ತಾಗುತ್ತೆ. ಇದು ಅದೃಷ್ಟ. 10 ಮತ್ತು 6 ತಿರುಗಿಸಿದರೆ 12 ಬಂತು. 12ನೇ ಬಿಟ್‌ಗೆ ಏನೂ ಆಗಿಲ್ಲ, ಆದರೆ ಸಿಂಡ್ರೋಮ್ ಬೆರಳು ತೋರಿಸ್ತಿರೋದು ಅದರ ಕಡೆ. ಯಂತ್ರ ನಂಬಿಕೊಂಡು ಅದನ್ನೂ ತಿರುಗಿಸುತ್ತೆ. ಎರಡು ತಪ್ಪಿದ್ದಲ್ಲಿ ಈಗ ಮೂರು. ಕೈಗೆ ಬರೋದು `01101110`, ಅಂದರೆ n. ಮತ್ತೆ ಪರೀಕ್ಷಿಸಿದರೆ `s` 0. "ಒಂದು ತಪ್ಪಿತ್ತು, ಸರಿಮಾಡಿದೆ" ಅನ್ನೋ ವರದಿಯ ಜೊತೆಗೇ ಸುಳ್ಳು ಅಕ್ಷರ ಹೊರಗೆ ಹೋಗುತ್ತೆ. ಬರೀ ಪ್ಯಾರಿಟಿಗಿಂತ ಇದು ಹೆಚ್ಚು ಅಪಾಯ ಅನ್ನಿಸಿತು ನನಗೆ. ಸುಮ್ಮನೆ ಕೂತ ಯಂತ್ರಕ್ಕಿಂತ, ಧೈರ್ಯವಾಗಿ ತಪ್ಪು ಬಿಟ್ ತಿದ್ದೋ ಯಂತ್ರ ಕೆಟ್ಟದ್ದು. ಮತ ಎಣಿಸೋ ಕಡೆ ಹೀಗಾದರೆ 4096ರ ಥರ ಎದ್ದು ಕಾಣೋ ಸಂಖ್ಯೆಯೂ ಸಿಗಲ್ಲ.

ಇದಕ್ಕೆ ಪರಿಹಾರ ಮತ್ತೆ ಹಳೇ ಪ್ಯಾರಿಟಿಯೇ. 12 ಬಿಟ್‌ಗಳಿಗೂ ಸೇರಿ ಇನ್ನೊಂದು ಬಿಟ್ ಇಡೋದು. ನಮ್ಮ ಸಾಲಿನಲ್ಲಿ ಏಳು 1ಗಳಿವೆ, ಹಾಗಾಗಿ ಹೊಸ ಬಿಟ್ 1, ಒಟ್ಟು ಎಂಟು. ಒಂದು ಬಿಟ್ ತಿರುಗಿದರೆ ಒಟ್ಟು ಬೆಸ ಆಗುತ್ತೆ, ಸಿಂಡ್ರೋಮ್ ನಂಬಬಹುದು. ಎರಡು ತಿರುಗಿದರೆ ಒಟ್ಟು ಸಮವಾಗೇ ಉಳಿಯುತ್ತೆ, ಆದರೆ ಸಿಂಡ್ರೋಮ್ 0 ಅಲ್ಲ. ಆಗ ಯಂತ್ರ ಏನನ್ನೂ ಮುಟ್ಟಬಾರದು, ತಿದ್ದೋಕಾಗದ ತಪ್ಪು ಅಂತ ಕೂಗಬೇಕು. 64 ಬಿಟ್‌ಗೆ ಏಳರ ಜೊತೆ ಇದೊಂದು ಸೇರಿ ಎಂಟು, ಒಟ್ಟು 72. ಸರ್ವರ್‌ಗೆ ಹಾಕೋ ಡಿಡಿಆರ್4 ಮೆಮೊರಿ ಕಡ್ಡಿಯಲ್ಲಿ ಎಂಟು ಚಿಪ್ ಇರಬೇಕಾದ ಸಾಲಿನಲ್ಲಿ ಒಂಬತ್ತು ಕಂಡರೆ, ಸಾಮಾನ್ಯವಾಗಿ ಆ ಒಂಬತ್ತನೆಯದು ಇದಕ್ಕೇ ಇಟ್ಟದ್ದು.

ಮೂರು ತಿರುಗಿದರೆ ಇದೂ ಮೋಸ ಹೋಗುತ್ತೆ. 6, 10, 12 ಮೂರೂ ಒಟ್ಟಿಗೆ ತಿರುಗಿದರೆ ಸಿಂಡ್ರೋಮ್ 0, ಒಟ್ಟು ಬೆಸ. ಯಂತ್ರ "ಕೊನೇ ಪ್ಯಾರಿಟಿ ಬಿಟ್ ಮಾತ್ರ ಕೆಟ್ಟಿದೆ, ಡೇಟಾ ಸರಿ" ಅಂತ n ಕೊಡುತ್ತೆ. ಹಾಗಾಗಿ ತಪ್ಪುಗಳು ಒಂದರ ಮೇಲೊಂದು ಸೇರದ ಹಾಗೆ ನೋಡಿಕೊಳ್ಳಬೇಕು. ಓದುವಾಗ ತಿದ್ದಿದ್ದು ಪ್ರೊಸೆಸರ್‌ಗೆ ಹೋಗುತ್ತೆ, ಆದರೆ ಮೆಮೊರಿಗೆ ವಾಪಸ್ ಬರೆಯದಿದ್ದರೆ ಆ ಕೆಟ್ಟ ಬಿಟ್ ಅಲ್ಲೇ ಕೂತು ಎರಡನೆಯದಕ್ಕೆ ಕಾಯ್ತಿರುತ್ತೆ. ಅದಕ್ಕೇ ಸರ್ವರ್‌ಗಳಲ್ಲಿ ಯಾರೂ ಕೇಳದಿದ್ದರೂ ಮೆಮೊರಿಯನ್ನ ಆಗಾಗ ಓದಿ, ತಿದ್ದಿ, ಬರೆದಿಡೋ ಕೆಲಸ ಹಿಂದೆ ನಡೀತಿರುತ್ತೆ. ಸ್ಕ್ರಬ್ಬಿಂಗ್ ಅಂತಾರೆ, ಪಾತ್ರೆ ಉಜ್ಜಿದ ಹಾಗೆ.

ಇಂಥ ಮೆಮೊರಿ ಇರೋ ಲಿನಕ್ಸ್ ಯಂತ್ರ ಸಿಕ್ಕರೆ `/sys/devices/system/edac/mc/mc0/` ಒಳಗೆ ನೋಡಿ. `ce_count` ತಿದ್ದಿದ ತಪ್ಪುಗಳ ಲೆಕ್ಕ, `ue_count` ತಿದ್ದಲಾಗದವುಗಳದ್ದು. ಯಾವಾಗಲೋ ಒಂದು ಬಂದು ನಿಂತರೆ ಅದು ಹಾದುಹೋದ ಕಣ ಇರಬಹುದು. ಒಂದೇ ಕಡ್ಡಿಯಲ್ಲಿ `ce_count` ಏರುತ್ತಲೇ ಇದ್ದರೆ ಕಣದ ಮೇಲೆ ಗೂಬೆ ಕೂರಿಸಬೇಡಿ, ಕಡ್ಡಿ ಬದಲಾಯಿಸಿ. ಅಲ್ಲಿ ಬರೋ ಪ್ರತಿ ವಿಳಾಸವೂ "ಕೆಟ್ಟಿರೋದು ಒಂದೇ ಆದರೆ" ಅನ್ನೋ ಷರತ್ತಿನ ಮೇಲೆ ನಿಂತಿದೆ, ಮತ್ತು ಆ ಕಡ್ಡಿ ಷರತ್ತು ಮುರಿಯೋ ದಾರಿಯಲ್ಲಿದೆ.