ಟ್ರಂಕಿನೊಳಗಿದ್ದ ಹಳೇ ಪಾಸ್‌ಪೋರ್ಟ್

ಡಬ್ಲಿನ್‌ನಲ್ಲಿರುವ ಅಕ್ಕನಿಗೆ ಮಾರ್ಚ್‌ನಲ್ಲಿ ಹೆರಿಗೆ. ಅವ್ವ ಅಷ್ಟರೊಳಗೆ ಅಲ್ಲಿರಬೇಕು, ಅದಕ್ಕೂ ಮುಂಚೆ ವೀಸಾ, ಅದಕ್ಕೂ ಮುಂಚೆ ಪಾಸ್‌ಪೋರ್ಟ್. ದೀಪಾವಳಿಗೆ ಶಿಕಾರಿಪುರಕ್ಕೆ ಹೋದವನು ರಾತ್ರಿ ಊಟ ಆದ ಮೇಲೆ ಲ್ಯಾಪ್‌ಟಾಪ್ ತೆಗೆದು ಕೂತೆ. ದಿನಾ ಫಾರ್ಮ್‌ಗಳ ಹಿಂದಿನ ಕೋಡ್ ಬರೆಯುವವನು ನಾನು, ಒಂದು ಫಾರ್ಮ್ ತುಂಬೋದು ಯಾವ ಮಹಾ ಅಂದುಕೊಂಡಿದ್ದೆ.

passportindia.gov.in ತೆರೆದು, ಅವ್ವನ ಆಧಾರ್ ಪಕ್ಕದಲ್ಲಿಟ್ಟುಕೊಂಡು ಶುರು ಮಾಡಿದೆ. ಮೊದಲ ಪ್ರಶ್ನೆಯೇ Fresh Passport ಬೇಕೋ, Re-issue of Passport ಬೇಕೋ ಅಂತ. ಅವ್ವ ಊರು ಬಿಟ್ಟು ಹೋಗಿದ್ದು ಅಂದ್ರೆ ಧರ್ಮಸ್ಥಳ, ಹೆಚ್ಚೆಂದರೆ ಮಂತ್ರಾಲಯ. ಯೋಚನೆ ಮಾಡದೆ Fresh ಒತ್ತಿದೆ. ಹೆಸರು, ಹುಟ್ಟಿದ ದಿನ, ವಿಳಾಸ ಎಲ್ಲಾ ಆಧಾರ್ ನೋಡಿ ತುಂಬಿದೆ. ಕೊನೆಗೆ ಒಂದು ಪ್ರಶ್ನೆ ಬಂತು: ಈ ಹಿಂದೆ ಪಾಸ್‌ಪೋರ್ಟ್ ಪಡೆದಿದ್ದೀರಾ? ಸುಮ್ಮನೆ ಬಾಯಿ ಮಾತಿಗೆ ಕೇಳಿದೆ, ‘ಅವ್ವಾ, ನಿನಗೆ ಮುಂಚೆ ಪಾಸ್‌ಪೋರ್ಟ್ ಏನಾದ್ರೂ ಇತ್ತಾ?’

‘ಇತ್ತಲ್ಲೋ. ನಿಮ್ಮ ಚಿಕ್ಕಪ್ಪ ಮಸ್ಕತ್‌ನಾಗೆ ಇದ್ದಾಗ ನಿಮ್ಮಪ್ಪ ಮಾಡಿಸಿದ್ರು. ಹೋಗಕ್ಕೆ ಆಗಲಿಲ್ಲ. ಟ್ರಂಕ್‌ನಾಗೆ ಐತೆ ನೋಡು.’

ರೇಷ್ಮೆ ಸೀರೆಗಳ ಕೆಳಗೆ, ನುಸಿಗುಳಿಗೆ ವಾಸನೆ ಹೊಡೆಯುತ್ತಾ, ಒಂದೂ ಸ್ಟಾಂಪ್ ಬೀಳದ ಪಾಸ್‌ಪೋರ್ಟ್ ಸಿಕ್ಕಿತು. ಕೊಟ್ಟಿದ್ದು 2010ರಲ್ಲಿ, ಅವಧಿ ಮುಗಿದಿದ್ದು 2020ರಲ್ಲಿ.

ಇಲ್ಲಿ ನನ್ನ ಹಾಗೇ ಬಹಳ ಜನ ಎಡವುತ್ತಾರೆ. ಬಳಸದೇ ಇದ್ದರೂ, ಅವಧಿ ಮುಗಿದು ಎಷ್ಟೇ ವರ್ಷ ಆಗಿದ್ದರೂ, ಒಮ್ಮೆ ಪಾಸ್‌ಪೋರ್ಟ್ ಪಡೆದವರಿಗೆ ಮುಂದಿನದ್ದೆಲ್ಲಾ Re-issue. Fresh ಅನ್ನೋದು ಜೀವನದಲ್ಲಿ ಮೊದಲ ಸಲ ತೆಗೆದುಕೊಳ್ಳುವವರಿಗೆ ಮಾತ್ರ. ಹಳೆಯದರ ದಾಖಲೆ ಇಲಾಖೆಯ ಹತ್ತಿರ ಇರುತ್ತದೆ. ‘ಇಲ್ಲ’ ಅಂತ ಬರೆದರೆ ಅದು ಮರೆವು ಅಂತ ಕಾಣುವುದಿಲ್ಲ, ಮಾಹಿತಿ ಮುಚ್ಚಿಟ್ಟ ಹಾಗೆ ಕಾಣುತ್ತದೆ. ಬೇಕಂತಲೇ ಮುಚ್ಚಿಟ್ಟರಂತೂ 1967ರ ಪಾಸ್‌ಪೋರ್ಟ್ ಕಾಯ್ದೆಯ ಪ್ರಕಾರ ಅದು ಅಪರಾಧ. ಪುಣ್ಯಕ್ಕೆ ನಾನಿನ್ನೂ ಸಬ್ಮಿಟ್ ಮಾಡಿರಲಿಲ್ಲ. ಸಬ್ಮಿಟ್ ಆದ ಅರ್ಜಿಯನ್ನು ಆನ್‌ಲೈನ್‌ನಲ್ಲಿ ತಿದ್ದಲು ಬರುವುದಿಲ್ಲ. ಆ ಅರ್ಜಿ ಬಿಟ್ಟು Re-issue ಶುರು ಮಾಡಿದೆ.

Re-issue ಅಂದ ಕೂಡಲೇ ಕಾರಣ ಕೇಳುತ್ತದೆ. ಅವಧಿ ಮುಗಿದಿದೆ ಅನ್ನೋದರಲ್ಲೇ ಎರಡು ಬಗೆ ಇವೆ: ಮುಗಿದು ಮೂರು ವರ್ಷದ ಒಳಗೆ ಇರುವುದು ಒಂದು, ಮೂರು ವರ್ಷ ದಾಟಿರುವುದು ಇನ್ನೊಂದು. ಅವ್ವನದು ಎರಡನೆಯದು, Validity Expired more than 3 years ago. ಇದರ ಜೊತೆಗೆ ಹಳೇ ಪಾಸ್‌ಪೋರ್ಟ್‌ನಲ್ಲಿ ಇರುವುದಕ್ಕೂ ಈಗಿನದಕ್ಕೂ ಏನಾದರೂ ಬದಲಾವಣೆ ಇದ್ದರೆ Change in Existing Personal Particulars ಅಂತಲೂ ಹೇಳಬೇಕು. ಏನೇನು ಬದಲಾಗಿದೆ ಅಂತ ಗೊತ್ತಾಗಬೇಕಾದರೆ ಕಾಗದಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಲೇಬೇಕು. ಫಾರ್ಮ್ ಮುಚ್ಚಿ, ಎಕ್ಸೆಲ್ ತೆರೆದೆ. ಹಳೇ ಪಾಸ್‌ಪೋರ್ಟ್, ಅವ್ವನ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್ ಮೂರಕ್ಕೂ ಒಂದೊಂದು ಕಾಲಮ್.

ಹೆಸರು ಮೊದಲು. ಅಂಕಪಟ್ಟಿಯಲ್ಲಿ ‘ಶಾರದಾ ಬಿ.’, ಆಧಾರ್‌ನಲ್ಲೂ ಹಾಗೇ. ನಮ್ಮ ಕಡೆ ಇನಿಷಿಯಲ್ ಅನ್ನೋದು ಹೆಸರಿನ ಬಾಲ, ಪಾಸ್‌ಪೋರ್ಟ್‌ನಲ್ಲಿ ಅದಕ್ಕೆ ಜಾಗ ಇಲ್ಲ. ಬಿಡಿಸಿ ಬರೆಯಬೇಕು. ನಾನು ಮೊದಲು Surname ಜಾಗದಲ್ಲಿ ಬರೀ B ಹಾಕಿದ್ದೆ. ಹಳೇ ಪಾಸ್‌ಪೋರ್ಟ್ ನೋಡಿದರೆ ಅಪ್ಪ ಆಗಲೇ ಸರಿಯಾಗಿ ಮಾಡಿಸಿದ್ದರು: Given Name ಕಡೆ SHARADA, Surname ಕಡೆ ಅಜ್ಜನ ಹೆಸರು BASAPPA. ಅದನ್ನೇ ಅಕ್ಷರ ಬಿಡದೆ ಇಳಿಸಿದೆ. ಮದುವೆ ಆಗಿದೆ ಅಂತ ಅಪ್ಪನ ಹೆಸರು ಸೇರಿಸಬೇಕಾ ಅಂತ ಅವ್ವ ಕೇಳಿದರು. ಬೇಕಿಲ್ಲ, ಗಂಡನ ಹೆಸರಿಗೆ ಬೇರೆ ಜಾಗವೇ ಇದೆ.

ಎರಡನೆಯದು ಹುಟ್ಟಿದ ದಿನ. ನಿಜವಾದ ಪೇಚು ಇಲ್ಲಿತ್ತು. ಆಧಾರ್‌ನಲ್ಲಿ 01/01/1968. ಅಂಕಪಟ್ಟಿಯಲ್ಲಿ, ಹಳೇ ಪಾಸ್‌ಪೋರ್ಟ್‌ನಲ್ಲಿ 12/06/1968. ಆಧಾರ್ ಮಾಡಿಸುವಾಗ ಅವ್ವ ಕಾಗದ ಒಯ್ದಿರಲಿಲ್ಲ, ಬಾಯಲ್ಲಿ ಇಸವಿ ಹೇಳಿದ್ದರು, ದಿನ ತಾನೇ ತಾನಾಗಿ ಜನವರಿ ಒಂದಾಯಿತು. ನಮ್ಮ ಓಣಿಯಲ್ಲಿ ಹುಡುಕಿದರೆ ಜನವರಿ ಒಂದಕ್ಕೆ ಹುಟ್ಟಿದವರು ಹತ್ತು ಜನ ಸಿಗುತ್ತಾರೆ.

ಈಗ ಯಾವುದನ್ನು ತಿದ್ದೋದು? ಪಾಸ್‌ಪೋರ್ಟ್‌ನ ದಿನಾಂಕವನ್ನು ಆಧಾರ್‌ಗೆ ಹೊಂದಿಸಿದರೆ, ಹದಿನೈದು ವರ್ಷದ ಹಿಂದೆ ಕೊಟ್ಟ ದಿನಾಂಕ ತಪ್ಪು ಅಂತ ನಾವೇ ಹೇಳಿದ ಹಾಗೆ. ಅದಕ್ಕೆ ಆಧಾರ ಕೇಳುತ್ತಾರೆ, ನಮ್ಮ ಅಂಕಪಟ್ಟಿಯೇ ನಮ್ಮ ವಿರುದ್ಧ ನಿಲ್ಲುತ್ತದೆ. ಎರಡು ಹಳೇ ಕಾಗದ ಒಂದೇ ಮಾತು ಹೇಳುತ್ತಿವೆ, ಒಂದು ಹೊಸ ಕಾಗದ ಬೇರೆ ಹೇಳುತ್ತಿದೆ ಅಂದರೆ ತಿದ್ದಬೇಕಾದ್ದು ಹೊಸದನ್ನು. ಆಧಾರ್‌ನಲ್ಲಿ ಹುಟ್ಟಿದ ದಿನ ಒಂದೇ ಸಲ ಬದಲಾಯಿಸಲು ಬಿಡುತ್ತಾರೆ, ಅದಕ್ಕೇ ಕೇಂದ್ರದಲ್ಲಿ ಪರದೆ ಮೇಲೆ ಟೈಪ್ ಆಗಿದ್ದನ್ನು ಎರಡು ಸಲ ಓದಿಸಿಕೊಂಡೆ. ಆ ಸಲ ಅವ್ವನ ಕೈಯಲ್ಲಿ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಇತ್ತು, 1984ರಲ್ಲಿ ಸೊರಬದಲ್ಲಿ ಪಾಸಾಗಿದ್ದು.

‘ಅಷ್ಟಕ್ಕೂ ಜೂನ್ ಹನ್ನೆರಡು ಖರೇನಾ, ಮೇಷ್ಟ್ರು ಬರೆದಿದ್ದಾ?’ ಅಂತ ವಾಪಸ್ ಬರುವಾಗ ಕೇಳಿದೆ.

‘ಖರೇನೇ. ಕಾರ ಹುಣ್ಣಿಮೆ ಆಗಿ ಎರಡು ದಿನಕ್ಕೆ ಹುಟ್ಟಿದ್ದು ಅಂತ ನಿಮ್ಮಜ್ಜ ಹೇಳ್ತಿದ್ರು.’ ಮೊಬೈಲ್‌ನಲ್ಲಿ ನೋಡಿದೆ. 1968ರ ಆ ಹುಣ್ಣಿಮೆ ಜೂನ್ ಹತ್ತಕ್ಕೇ ಬಿದ್ದಿತ್ತು! ಸೊರಬದ ಹಳ್ಳಿಯ ಅಜ್ಜ ಸರಿಯಾಗಿಯೇ ನೆನಪಿಟ್ಟಿದ್ದರು.

ಮೂರನೆಯದು ಊರು, ವಿಳಾಸ. ಹುಟ್ಟಿದ ಊರು ಸೊರಬ ತಾಲೂಕಿನ ಹಳ್ಳಿ, ಈಗಿರುವುದು ಶಿಕಾರಿಪುರ. ಹಳೇ ಪಾಸ್‌ಪೋರ್ಟ್‌ನಲ್ಲಿ ಜಿಲ್ಲೆ SHIMOGA ಅಂತಿದೆ. 2014ರ ನವೆಂಬರ್ 1ರಂದು ಸರ್ಕಾರ ಹೆಸರನ್ನು ಶಿವಮೊಗ್ಗ ಅಂತ ಬದಲಾಯಿಸಿತು. ಇದನ್ನು ಹುಟ್ಟಿದ ಊರಿನ ಬದಲಾವಣೆ ಅಂತ ಲೆಕ್ಕ ಹಾಕಬೇಕಿಲ್ಲ. ಹಳ್ಳಿಯ ಹೆಸರಿನ ಸ್ಪೆಲಿಂಗ್ ಮಾತ್ರ ಹಳೆಯದರಲ್ಲಿ ಇದ್ದ ಹಾಗೇ ಇಟ್ಟೆ. ವಿಳಾಸ ನಿಜವಾಗಿಯೂ ಬದಲಾಗಿತ್ತು, ಹಳೇ ಮನೆ ಬಿಟ್ಟು ಹೊಸ ಮನೆಗೆ ಬಂದಿದ್ದಾರೆ. ಆಧಾರ್‌ನಲ್ಲಿ ಹೊಸ ವಿಳಾಸವೇ ಇತ್ತು, ಹಾಗಾಗಿ ಬದಲಾವಣೆಯ ಪಟ್ಟಿಯಲ್ಲಿ ಗುರುತು ಹಾಕಿದ್ದು ಇದೊಂದಕ್ಕೇ. ಬೆಂಗಳೂರಿನ ನನ್ನ ಮನೆ ವಿಳಾಸ ಕೊಟ್ಟರೆ ಬೇಗ ಆಗುತ್ತೆ ಅಂತ ಗೆಳೆಯರು ಹೇಳಿದ್ದರು. ಪೊಲೀಸರು ವಿಚಾರಿಸಿಕೊಂಡು ಬರುವುದು ಕೊಟ್ಟ ವಿಳಾಸಕ್ಕೇ. ಅವ್ವ ಇರದ ಮನೆಯಲ್ಲಿ ಅವರಿಗೆ ಏನು ಸಿಗುತ್ತೆ?

ಆಧಾರ್ ತಿದ್ದಿ ಬರುವವರೆಗೆ ನಾನು ಫಾರ್ಮ್ ಮುಟ್ಟಲಿಲ್ಲ. ತತ್ಕಾಲ್‌ನಲ್ಲಿ ಹಾಕು ಅಂತ ಅಕ್ಕ ಫೋನ್‌ನಲ್ಲಿ ಅವಸರ ಮಾಡುತ್ತಿದ್ದಳು. ತತ್ಕಾಲ್‌ಗೆ 2000 ರೂಪಾಯಿ ಹೆಚ್ಚು ಕೊಟ್ಟರೆ ಸರದಿ ಬೇಗ ಬರಬಹುದು, ಹೊಂದದ ಕಾಗದ ಹೊಂದುವುದಿಲ್ಲ. ತಿದ್ದಿದ ಆಧಾರ್ ಕೈಗೆ ಬಂದ ರಾತ್ರಿ ಸಬ್ಮಿಟ್ ಮಾಡಿ, 36 ಪುಟದ ಸಾಧಾರಣ ಪಾಸ್‌ಪೋರ್ಟ್‌ಗೆ 1500 ರೂಪಾಯಿ ಕಟ್ಟಿ, ಶಿವಮೊಗ್ಗದ ಅಂಚೆ ಕಚೇರಿ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ದಿನ ಹಿಡಿದೆ. ಒಯ್ದಿದ್ದು ಮೂಲ ಕಾಗದಗಳು, ಹಳೇ ಪಾಸ್‌ಪೋರ್ಟ್, ಅದರ ಮೊದಲ ಎರಡು ಮತ್ತು ಕೊನೆಯ ಎರಡು ಪುಟಗಳ ಜೆರಾಕ್ಸ್. ಪ್ರತಿ ಜೆರಾಕ್ಸ್ ಮೇಲೂ ಅವ್ವನದೇ ಸಹಿ.

ಕೌಂಟರ್‌ನಲ್ಲಿದ್ದವರು ಅಂಕಪಟ್ಟಿ, ಆಧಾರ್, ಹಳೇ ಪಾಸ್‌ಪೋರ್ಟ್ ಮೂರನ್ನೂ ಸಾಲಾಗಿ ಇಟ್ಟುಕೊಂಡು ಬೆರಳಿಟ್ಟು ನೋಡಿದರು. ನನ್ನ ಎಕ್ಸೆಲ್‌ನ ಮೂರು ಕಾಲಮ್ ಕಣ್ಣೆದುರಿಗೆ ಬಂತು. ಒಂದೂ ಪ್ರಶ್ನೆ ಬರಲಿಲ್ಲ.

ಜನವರಿಯಲ್ಲಿ ಸ್ಪೀಡ್ ಪೋಸ್ಟ್ ಬಂತು. ಅವ್ವ ಕನ್ನಡಕ ಹಾಕಿಕೊಂಡು ಮೊದಲು ಫೋಟೋ ನೋಡಿ ಬೈದುಕೊಂಡರು, ಆಮೇಲೆ ದಿನಾಂಕದ ಮೇಲೆ ಬೆರಳಿಟ್ಟರು. ರದ್ದಾದ ಹಳೆಯದನ್ನು ಮಾತ್ರ ಬಿಸಾಕಲು ಬಿಡಲಿಲ್ಲ. ‘ಮುಂದಿನ ಸಲಕ್ಕೆ ಬೇಕಾಗ್ತದೆ’ ಅಂತ ಅದೇ ಟ್ರಂಕ್‌ಗೆ, ಅದೇ ಸೀರೆ ಕೆಳಗೆ ಇಟ್ಟರು.